ಥೆರಪಿಗೆ ರಜೆ ಬೇಕು: ಕಾಫಿ ತೋಟದ ಮ್ಯಾನೇಜರ್ ಅರ್ಜಿ ಬರೆಯುವುದು ಹೇಗೆ?

ಮಾಲೀಕರಿಗೆ ನಾನು ರಜೆ ಕೇಳಿ ಬರೆದ ಮೊದಲ ಪತ್ರ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್‌ನಲ್ಲಿ ಹೋಯಿತು. ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಆಗ ನಾನು ಮ್ಯಾನೇಜರ್. ನಿದ್ದೆ ಬಿಟ್ಟು ಎರಡು ತಿಂಗಳಾಗಿತ್ತು. ಬೆಳಿಗ್ಗೆ ಮಸ್ಟರ್‌ಗೆ ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಬೆವರುತ್ತಿತ್ತು, ಹೆಸರು ಕೂಗಲು ಬಾಯಿ ಬರುತ್ತಿರಲಿಲ್ಲ. ಅದನ್ನೆಲ್ಲಾ ಉದ್ದಕ್ಕೆ ಬರೆದೆ. ಮನೆಯ ವಿಷಯ ಬರೆದೆ, ಹಿಂದಿನ ವರ್ಷದ ಕೊಯ್ಲಿನ ಗಲಾಟೆಯನ್ನೂ ಬರೆದೆ. ಕೊನೆಗೆ "ದಯವಿಟ್ಟು ಸ್ವಲ್ಪ ರಜೆ ಕೊಡಿ ಸರ್" ಎಂದು ಮುಗಿಸಿದೆ.

ಮಾಲೀಕರು ಬೆಂಗಳೂರಿನಲ್ಲಿರುವವರು, ಒಳ್ಳೆಯ ಮನುಷ್ಯ. ಗಾಬರಿಯಾಗಿ ಆ ಮೆಸೇಜನ್ನು ಹಾಗೇ ಆಫೀಸಿನ ಅಕೌಂಟೆಂಟ್‌ಗೆ ಕಳಿಸಿ "ಏನು ಮಾಡೋಣ ನೋಡಿ" ಎಂದರು. ಮೂರನೇ ದಿನ ಮಸ್ಟರ್ ಮುಗಿದ ಮೇಲೆ ನಮ್ಮ ಮೇಸ್ತ್ರಿ ಹತ್ತಿರ ಬಂದು, ತುಂಬಾ ಪ್ರೀತಿಯಿಂದಲೇ, "ಸಾರ್, ತಲೆ ಸರಿ ಇಲ್ವಂತೆ. ಒಂದ್ಸಲ ಧರ್ಮಸ್ಥಳಕ್ಕೆ ಹೋಗಿ ಬನ್ನಿ" ಅಂದ. ರಜೆ ಮಾತ್ರ ಸಿಗಲಿಲ್ಲ. ಯಾವ ದಿನ ಬೇಕು, ಎಷ್ಟು ಹೊತ್ತು ಬೇಕು, ನಾನಿಲ್ಲದಾಗ ತೋಟ ಯಾರು ನೋಡುತ್ತಾರೆ ಎಂದು ಅಷ್ಟುದ್ದದ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಎರಡನೇ ಪತ್ರ ಒಂದೇ ಪುಟದ್ದು. ಅದಕ್ಕೆ ಮರುದಿನವೇ ಒಪ್ಪಿಗೆ ಬಂತು. ಮೊದಲನೆಯದರಲ್ಲಿ ಕಾರಣ ಒಂಬತ್ತು ಪಾಲು, ವ್ಯವಸ್ಥೆ ಒಂದು ಪಾಲೂ ಇರಲಿಲ್ಲ. ಎರಡನೆಯದರಲ್ಲಿ ಕಾರಣಕ್ಕೆ ಎರಡೇ ಸಾಲು, ಉಳಿದದ್ದೆಲ್ಲ ವ್ಯವಸ್ಥೆ. ಆ ಎರಡನೇ ಪತ್ರ ಹೇಗೆ ತಯಾರಾಗಬೇಕು ಎನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಅರ್ಜಿಗೆ ಮೊದಲು ಥೆರಪಿಸ್ಟ್ ಹತ್ತಿರ ಕೇಳಬೇಕಾದದ್ದು

ಮೊದಲ ಭೇಟಿಗೆ ಪತ್ರ ಬೇಡ. ಯಾವುದೋ ಒಂದು ಸಿ.ಎಲ್. ಹಾಕಿ ಹೋಗಿ ಬನ್ನಿ. ಮೊದಲ ಒಂದೆರಡು ಭೇಟಿಗಳು ನಿಮ್ಮ ತೊಂದರೆ ಏನೆಂದು ತಿಳಿದುಕೊಳ್ಳುವುದಕ್ಕೇ ಹೋಗುತ್ತವೆ. ಅದು ಗೊತ್ತಾಗುವ ಮೊದಲೇ ಮಾಲೀಕರಿಗೆ ಬರೆದರೆ "ಎಷ್ಟು ದಿನ?" ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರವೇ ಇರುವುದಿಲ್ಲ.

ಎರಡನೇ ಭೇಟಿಯ ಕೊನೆಗೆ ಮೂರು ವಿಷಯ ಕೇಳಿಕೊಳ್ಳಿ. ಸುಮಾರು ಎಷ್ಟು ಭೇಟಿ ಬೇಕಾಗಬಹುದು? ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ಸಿಗುತ್ತದಾ? ಕೆಲಸದ ಕಡೆಗೆ ಒಂದು ಪತ್ರ ಕೊಡುತ್ತೀರಾ? ಆತಂಕ, ಖಿನ್ನತೆಗಳಿಗೆ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆ, 45 ನಿಮಿಷದಿಂದ ಒಂದು ಗಂಟೆ. 12ರಿಂದ 20 ಭೇಟಿ ಎಂದು ಹೇಳುವುದು ಹೆಚ್ಚು. ನನಗೆ ಹೇಳಿದ್ದು 12. ಅವರು "ನೋಡೋಣ, ಹೇಳಕ್ಕಾಗಲ್ಲ" ಎಂದರೆ "ಮೊದಲ ಹಂತಕ್ಕೆ ಎಷ್ಟು?" ಎಂದು ಕೇಳಿ. ಅರ್ಜಿಯಲ್ಲಿ ಬರೆಯಲು ಒಂದು ಅಂಕಿ ಬೇಕೇ ಬೇಕು.

ಆ ಪತ್ರ ಯಾರು ಕೊಡುತ್ತಾರೆ ಎನ್ನುವುದನ್ನೂ ಗಮನಿಸಿ. ಮನೋವೈದ್ಯರು ಎಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಅವರು, ಮೆಡಿಕಲ್ ಸರ್ಟಿಫಿಕೇಟ್ ಕೊಡುವವರೂ ಅವರೇ. ಥೆರಪಿ ಮಾಡುವವರು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಆಪ್ತಸಮಾಲೋಚಕರು. ಅವರು ಕೊಡುವುದು "ಇಂಥವರು ಇಂಥ ದಿನ ಭೇಟಿಗೆ ಬರುತ್ತಿದ್ದಾರೆ" ಎಂಬ ಪತ್ರ. ಸಿಕ್ ಲೀವ್‌ಗೆ ಸರ್ಟಿಫಿಕೇಟ್ ಕಡ್ಡಾಯ ಎಂದು ನಿಮ್ಮಲ್ಲಿ ನಿಯಮ ಇದ್ದರೆ ಒಮ್ಮೆಯಾದರೂ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ.

ಪತ್ರದಲ್ಲಿ ಕಾಯಿಲೆಯ ಹೆಸರು ಬೇಡ ಎಂದು ಬಾಯಿಬಿಟ್ಟು ಹೇಳಿ. "ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ, ವಾರಕ್ಕೊಮ್ಮೆ ಭೇಟಿ ಅಗತ್ಯ" ಎಂದಿದ್ದರೆ ಸಾಕು. ಇದು ನೀವು ಕೇಳುವ ಉಪಕಾರ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುವುದನ್ನು ರೋಗಿಯ ಹಕ್ಕು ಎಂದೇ ಬರೆದಿದೆ. ಮಾಲೀಕರು ಫೋನ್ ಮಾಡಿ ಕೇಳಿದರು ಎಂದು ವೈದ್ಯರು ಅವರಿಗೆ ವಿವರ ಕೊಡುವ ಹಾಗಿಲ್ಲ. ಇನ್ನೊಂದು ಮಾತು, ಲೆಟರ್‌ಹೆಡ್ಡಿನ ಮೇಲೆ ಏನು ಅಚ್ಚಾಗಿದೆ ನೋಡಿಕೊಳ್ಳಿ. ಒಳಗೆ ಏನೂ ಬರೆಯದಿದ್ದರೂ ಮೇಲೆ ದೊಡ್ಡದಾಗಿ "ಮನೋವೈದ್ಯ ವಿಭಾಗ" ಎಂದಿದ್ದರೆ ಎಲ್ಲ ಹೇಳಿದ ಹಾಗೇ ಆಯಿತು, ಅಲ್ವಾ? ಅಂಥ ಪತ್ರವನ್ನು ಅರ್ಜಿಗೆ ಲಗತ್ತಿಸಬೇಡಿ. "ಕೇಳಿದರೆ ತಮಗೆ ಖುದ್ದಾಗಿ ತೋರಿಸುತ್ತೇನೆ" ಎಂದು ಬರೆಯಿರಿ.

ದಿನ ಆರಿಸುವುದು

ಅರ್ಜಿಯ ಅರ್ಧ ಗೆಲುವು ಇಲ್ಲಿದೆ. ನಿಮಗೆ ಯಾವ ದಿನ ಅನುಕೂಲ ಎಂದು ನೋಡಬೇಡಿ. ತೋಟಕ್ಕೆ ಯಾವ ದಿನ ನೀವಿಲ್ಲದಿದ್ದರೂ ನಡೆಯುತ್ತದೆ ಎಂದು ನೋಡಿ.

ನಮ್ಮಲ್ಲಿ ಬಟವಾಡೆ ಶನಿವಾರ. ಶುಕ್ರವಾರ ರೈಟರ್ ಮಸ್ಟರ್ ಪುಸ್ತಕ ಕೂಡಿಸಿ ಲೆಕ್ಕ ತೋರಿಸುವ ದಿನ. ಹಾಗಾಗಿ ಆ ಎರಡೂ ಬೇಡ. ಸೋಮವಾರ ವಾರದ ಕೆಲಸ ಹಂಚುವ ದಿನ, ಯಾರು ಬಂದರು ಯಾರು ಬರಲಿಲ್ಲ ಎಂದು ನೋಡುವ ದಿನ. ಅದೂ ಬೇಡ. ಉಳಿದದ್ದು ಮಂಗಳವಾರ, ಬುಧವಾರ, ಗುರುವಾರ. ನಾನು ಬುಧವಾರ ಕೇಳಿದೆ. ಮಧ್ಯಾಹ್ನ ಮೂರು ಗಂಟೆಗೆ ಚಿಕ್ಕಮಗಳೂರಿನಲ್ಲಿ ಭೇಟಿ. ಬೆಳಗಿನ ಮಸ್ಟರ್ ಮಾಡಿ, ಒಂದು ಸುತ್ತು ತೋಟ ನೋಡಿ, ಹನ್ನೆರಡೂವರೆಗೆ ಹೊರಟರೆ ಊಟ ಮಾಡಿಯೂ ಹೊತ್ತಿಗೆ ಸರಿಯಾಗಿ ತಲುಪಬಹುದು. ಮಳೆಗಾಲದಲ್ಲಿ ಆ ರಸ್ತೆಗೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಲೇಬೇಕು, ಎಲ್ಲಿ ಮರ ಬಿದ್ದಿರುತ್ತದೋ ಗೊತ್ತಿಲ್ಲ.

ಸಂಜೆ ವಾಪಸ್ ಬಂದು ಆಫೀಸಿಗೆ ಹೋಗುತ್ತೇನೆ ಎಂದು ಮಾತ್ರ ಬರೆಯಬೇಡಿ. ನಾನು ಮೊದಲೆರಡು ವಾರ ಹಾಗೆ ಮಾಡಿ ನೋಡಿದೆ. ಥೆರಪಿಯಲ್ಲಿ ಒಂದು ಗಂಟೆ ಮಾತಾಡಿ ಬಂದ ಮೇಲೆ ಮೈಕೈ ಸೋತಿರುತ್ತದೆ, ಕೆಲವು ದಿನ ಕಣ್ಣು ಕೆಂಪಗಿರುತ್ತದೆ. ಆಗ ಲೈನ್ ಮನೆಯ ನೀರಿನ ಜಗಳ ಬಗೆಹರಿಸಲು ಕೂತರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಅರ್ಧ ದಿನ ಎಂದರೆ ಪೂರ್ತಿ ಅರ್ಧ ದಿನ ಕೇಳಿ.

ಇನ್ನು ಕಾಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ಅದು ಮುಗಿಯುತ್ತಿದ್ದ ಹಾಗೆ ರೊಬಸ್ಟಾ. ಆಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವುದು. ಈ ತಿಂಗಳುಗಳಲ್ಲಿ ಕೇಳಿದರೆ ಮಾಲೀಕರ ಎದೆ ಹೊಡೆದುಕೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೇಳುವುದು ಸುಲಭ. ಆದರೆ ಕಾಯಿಲೆ ಕೊಯ್ಲು ಮುಗಿಯಲಿ ಎಂದು ಕಾಯುವುದಿಲ್ಲವಲ್ಲ. ಡಿಸೆಂಬರ್‌ನಲ್ಲೇ ಬೇಕಾದರೆ ಡಿಸೆಂಬರ್‌ನಲ್ಲೇ ಕೇಳಿ. ಆಗ ಭಾನುವಾರ ಬೆಳಿಗ್ಗೆ ಸಿಗುವ ಥೆರಪಿಸ್ಟ್ ಇದ್ದಾರಾ ಎಂದು ಮೊದಲು ವಿಚಾರಿಸಿ. ವಿಡಿಯೋ ಕರೆಯಲ್ಲಿ ಮಾತಾಡುವುದೂ ಆಗುತ್ತದೆ, ಆದರೆ ಅದಕ್ಕೆ ನೆಟ್‌ವರ್ಕ್ ಸಿಗುವ, ಯಾರೂ ಕೇಳಿಸಿಕೊಳ್ಳದ ಜಾಗ ಬೇಕು. ಬಂಗಲೆಯ ವರಾಂಡ ಅಂಥ ಜಾಗ ಅಲ್ಲ.

ಕಾರಣ ಎಷ್ಟು ಹೇಳಬೇಕು

ತುಂಬಾ ಜನ ಇಲ್ಲೇ ತಪ್ಪುವುದು. ಕೆಲವರು ಎಲ್ಲವನ್ನೂ ಹೇಳುತ್ತಾರೆ, ನಾನು ಮಾಡಿದ ಹಾಗೆ. ಕೆಲವರು ಸುಳ್ಳು ಹೇಳುತ್ತಾರೆ.

ಸುಳ್ಳಿನ ಕಷ್ಟ ಏನೆಂದರೆ ಅದನ್ನು ಹನ್ನೆರಡು ವಾರ ಸಾಕಬೇಕು. ನನ್ನ ಪರಿಚಯದ ಒಬ್ಬ ಮ್ಯಾನೇಜರ್, ಸಕಲೇಶಪುರದ ಕಡೆಯವರು, "ಬೆನ್ನು ನೋವಿಗೆ ಫಿಸಿಯೋಥೆರಪಿ" ಎಂದು ಬರೆದರು. ಮಾಲೀಕರು ಕನಿಕರದಿಂದ ತಮಗೆ ಗೊತ್ತಿದ್ದ ಹಾಸನದ ಮೂಳೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಟ್ಟರು. ಎಕ್ಸ್‌ರೇ ಕಳಿಸಿ ಎಂದರು. ಜೀಪ್ ಓಡಿಸಬೇಡಿ, ಗುಡ್ಡ ಹತ್ತಬೇಡಿ ಎಂದರು. ನಾಲ್ಕನೇ ವಾರಕ್ಕೆ ಅವರು ಥೆರಪಿಯನ್ನೇ ಬಿಟ್ಟರು, ಸುಳ್ಳು ನಿಭಾಯಿಸುವುದು ಕಾಯಿಲೆಗಿಂತ ಭಾರವಾಯಿತು. ಹಾಸನ, ಚಿಕ್ಕಮಗಳೂರು ಎರಡೂ ಸಣ್ಣ ಊರುಗಳು. ನೀವು ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಿದಿರಿ ಎಂದು ಯಾರಾದರೂ ನೋಡಿಯೇ ಇರುತ್ತಾರೆ.

ಸುಳ್ಳೂ ಬೇಡ, ಪೂರ್ತಿಯೂ ಬೇಡ. ನಿಜವಾದ, ಆದರೆ ಬಾಗಿಲು ಹಾಕಿದ ಒಂದು ಮಾತು ಬೇಕು. ನಾನು ಬಳಸಿದ್ದು ಇದು: "ಆರೋಗ್ಯದ ಕಾರಣಕ್ಕೆ ತಜ್ಞರ ಸಲಹೆಯಂತೆ ವಾರಕ್ಕೊಮ್ಮೆ ಚಿಕಿತ್ಸೆ ಪಡೆಯುತ್ತಿದ್ದೇನೆ." ಇಲ್ಲಿ "ತಜ್ಞರ" ಎನ್ನುವ ಪದ ಬೇಕೆಂದೇ ಇಟ್ಟದ್ದು. ಥೆರಪಿಸ್ಟ್ ಡಾಕ್ಟರ್ ಅಲ್ಲದಿದ್ದಾಗ "ವೈದ್ಯರ ಸಲಹೆಯಂತೆ" ಎಂದು ಬರೆದರೆ ಆಮೇಲೆ ಪತ್ರ ಕೇಳಿದಾಗ ಪೇಚಾಟ. "ಚಿಕಿತ್ಸೆ" ಎಂಬ ಪದ ಸಾಕು, ಯಾವುದರ ಚಿಕಿತ್ಸೆ ಎಂದು ಬೇಡ.

ಅದರ ಬೆನ್ನಿಗೇ ಇನ್ನೊಂದು ಸಾಲು ಇರಲಿ, ಮಾಲೀಕರ ಮನಸ್ಸಿನಲ್ಲಿ ಏಳುವ ಹೆದರಿಕೆಗೆ ಉತ್ತರವಾಗಿ: "ಇದು ಅಂಟುವ ಕಾಯಿಲೆಯಲ್ಲ, ಆಸ್ಪತ್ರೆಯಲ್ಲಿ ಉಳಿಯುವ ಅಗತ್ಯವಿಲ್ಲ, ಉಳಿದ ದಿನಗಳಲ್ಲಿ ಎಂದಿನಂತೆ ಕೆಲಸ ಮಾಡುತ್ತೇನೆ." ಇದು ನಿಜವಾಗಿದ್ದರೆ ಮಾತ್ರ ಬರೆಯಿರಿ. ಮನೋವೈದ್ಯರು ಹೊಸದಾಗಿ ಮಾತ್ರೆ ಶುರು ಮಾಡಿದ್ದರೆ ಕೆಲವರಿಗೆ ಮೊದಲ ದಿನಗಳಲ್ಲಿ ತೂಕಡಿಕೆ ಬರುತ್ತದೆ. ಜೀಪ್ ಓಡಿಸಬಹುದಾ ಎಂದು ಅವರನ್ನೇ ಕೇಳಿ. ಬೇಡ ಎಂದರೆ "ಎರಡು ವಾರ ಡ್ರೈವರ್ ಬೇಕಾಗುತ್ತದೆ" ಎಂದು ಅರ್ಜಿಯಲ್ಲೇ ಸೇರಿಸಿ.

"ಥೆರಪಿ", "ಕೌನ್ಸೆಲಿಂಗ್" ಎಂದು ಬರೆಯಲೇಬಾರದು ಅಂತಲ್ಲ. ಮಾಲೀಕರ ಮನೆಯಲ್ಲಿ ಯಾರಾದರೂ ಅದೇ ದಾರಿಯಲ್ಲಿ ಹೋಗಿ ಬಂದಿದ್ದರೆ, ನಿಮ್ಮಿಬ್ಬರಿಗೆ ವರ್ಷಗಳ ನಂಬಿಕೆ ಇದ್ದರೆ, ಮುಖ ನೋಡಿ ಹೇಳಬಹುದು. ಆದರೆ ಬಾಯಲ್ಲಿ ಹೇಳಿ, ಕಾಗದದಲ್ಲಿ ಬೇಡ. ಕಾಗದ ಫೈಲಿಗೆ ಹೋಗುತ್ತದೆ. ಫೈಲು ಆಫೀಸಿನ ಎಲ್ಲರದ್ದು.

ನೀವಿಲ್ಲದಾಗ ತೋಟ ಯಾರ ಕೈಯಲ್ಲಿ

ಮಾಲೀಕರು ಅರ್ಜಿಯಲ್ಲಿ ಓದುವುದು ಇದನ್ನೇ. ಅಲ್ಲಿ "ರೈಟರ್ ನೋಡಿಕೊಳ್ಳುತ್ತಾರೆ" ಎಂದು ಒಂದೇ ಸಾಲು ಬರೆದರೆ ಏನೂ ಬರೆಯದ ಹಾಗೆ. ಬುಧವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಸಂಜೆವರೆಗೆ ತೋಟದಲ್ಲಿ ಏನೇನು ಆಗಬಹುದು ಎಂದು ಒಂದು ಕಾಗದ ಹಿಡಿದು ಕೂತು ಯೋಚಿಸಿ. ನಾನು ಹಾಗೆ ಕೂತಾಗ ಮೂರು ವಿಷಯ ಮೇಲೆ ಬಂದವು.

ಮೊದಲನೆಯದು ಬೀಗದ ಕೈ. ಗೊಬ್ಬರದ ಗೋಡೌನ್, ಔಷಧಿ ಇಡುವ ಕೋಣೆ, ಡೀಸೆಲ್. ಮೂರೂ ನನ್ನ ಹತ್ತಿರವೇ ಇರುತ್ತಿದ್ದವು. ಮಧ್ಯಾಹ್ನಕ್ಕೆ ಬೇಕಾಗುವ ಗೊಬ್ಬರ, ಡೀಸೆಲ್ ಎರಡನ್ನೂ ಬೆಳಿಗ್ಗೆಯೇ ಅಳೆದು ಕೊಟ್ಟು, ಗೋಡೌನ್ ಕೀ ಮಾತ್ರ ರೈಟರ್ ಕೈಗೆ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಡುವುದು ಎಂದು ಬರೆದೆ. ಔಷಧಿ ಕೋಣೆ ಬುಧವಾರ ಮಧ್ಯಾಹ್ನ ತೆಗೆಯುವುದೇ ಇಲ್ಲ. ಹಾಗಾಗಿ ಆ ದಿನ ಮಧ್ಯಾಹ್ನ ಸಿಂಪಡಣೆ ಇಟ್ಟುಕೊಳ್ಳುವುದಿಲ್ಲ.

ಎರಡನೆಯದು ಅಪಘಾತ. ಮರಗಸಿಗೆ ಹತ್ತಿದವರು ಬೀಳಬಹುದು, ಕಳೆ ತೆಗೆಯುವಾಗ ಹಾವು ಕಚ್ಚಬಹುದು. ಆಗ ಜೀಪ್ ನನ್ನ ಜೊತೆ ಚಿಕ್ಕಮಗಳೂರಿನಲ್ಲಿ ಇದ್ದರೆ? ಅದಕ್ಕೇ ನಾನು ಬಸ್ಸಿನಲ್ಲಿ ಹೋಗುತ್ತೇನೆ, ಜೀಪ್ ಮತ್ತು ಡ್ರೈವರ್ ತೋಟದಲ್ಲೇ ಇರುತ್ತಾರೆ ಎಂದು ಬರೆದೆ. ಈ ಒಂದು ಸಾಲು ಮಾಲೀಕರಿಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ ಫೋನಿನಲ್ಲಿ ಅದನ್ನೇ ಎರಡು ಸಲ ಹೇಳಿದರು. ಮರ ಹತ್ತುವ ಕೆಲಸವನ್ನೂ ಬುಧವಾರ ಮಧ್ಯಾಹ್ನ ಬಿಟ್ಟೆವು.

ಮೂರನೆಯದು ಆನೆ. ಆಲ್ದೂರು, ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಬಂದಿದೆ ಎಂಬ ಸುದ್ದಿ ಅರಣ್ಯ ಇಲಾಖೆಯಿಂದಲೋ ಪಕ್ಕದ ತೋಟದಿಂದಲೋ ಮೊದಲು ಬರುವುದು ಮ್ಯಾನೇಜರ್ ಮೊಬೈಲಿಗೆ. ನೀವು ಥೆರಪಿಯಲ್ಲಿ ಮೊಬೈಲ್ ಆಫ್ ಮಾಡಿ ಕೂತಿರುತ್ತೀರಿ. ಆ ಹೊತ್ತಿಗೆ ಸುದ್ದಿ ಯಾರ ಮೊಬೈಲಿಗೆ ಬರಬೇಕು, ಯಾರು ಹೋಗಿ ಕೆಲಸದವರನ್ನು ಬ್ಲಾಕಿನಿಂದ ಹೊರಗೆ ಕರೆತರಬೇಕು ಎನ್ನುವುದು ಮೊದಲೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ರೈಟರ್ ಮತ್ತು ಹಿರಿಯ ಮೇಸ್ತ್ರಿ ಇಬ್ಬರ ನಂಬರನ್ನೂ ಗ್ರೂಪಿಗೆ ಸೇರಿಸಿದೆವು.

ರೈಟರ್ ಜೊತೆ ಮೊದಲೇ ಮಾತಾಡಿಕೊಂಡು ಆಮೇಲೆ ಬರೆಯಿರಿ. ಅವರಿಗೆ ಹೇಳಬೇಕಾದದ್ದು ಇಷ್ಟೇ: "ಬುಧವಾರ ಮಧ್ಯಾಹ್ನ ಮೂರು ತಿಂಗಳು ನಾನು ಇರಲ್ಲ, ಆಸ್ಪತ್ರೆ ಕೆಲಸ ಇದೆ. ನೀವು ನೋಡಿಕೊಳ್ತೀರಾ?" ನಮ್ಮ ರೈಟರ್ "ಆಯ್ತು ಸಾರ್, ಹೋಗಿ ಬನ್ನಿ" ಎಂದಷ್ಟೇ ಹೇಳಿದರು, ಯಾಕೆ ಎಂದು ಕೇಳಲಿಲ್ಲ.

ರಜೆ ಯಾವ ಲೆಕ್ಕದಲ್ಲಿ

ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ತೋಟದ ಕೆಲಸಗಾರರಿಗೆ ರಜೆ ಕೊಡುವ ಕಾನೂನಿನ ನಿಯಮಗಳು ಮ್ಯಾನೇಜರ್ ಹುದ್ದೆಯವರನ್ನು ಹೊರಗಿಡುತ್ತವೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಹೀಗೇ. ಹಾಗಾಗಿ ನಿಮಗೆ ಇರುವ ಸಿ.ಎಲ್., ಸಿಕ್ ಲೀವ್, ಗಳಿಕೆ ರಜೆ ಎಲ್ಲ ಆ ಪತ್ರದಲ್ಲಿ ಬರೆದಷ್ಟೇ. ಅದರಲ್ಲಿ ಏನೂ ಬರೆದಿಲ್ಲ ಎಂದರೆ ಇದುವರೆಗೆ ನಡೆದು ಬಂದ ರೂಢಿ. ಹನ್ನೆರಡು ಅರ್ಧ ದಿನ ಎಂದರೆ ಒಟ್ಟು ಆರು ದಿನ. ಹೀಗೆ ಕೂಡಿಸಿ ತೋರಿಸಿದರೆ ಮಾಲೀಕರಿಗೂ ಅದು ಎಷ್ಟು ಸಣ್ಣದೆಂದು ಕಾಣುತ್ತದೆ. "ಮೂರು ತಿಂಗಳು ರಜೆ" ಎಂದು ಕೇಳಿದ್ದು "ಆರು ದಿನ" ಆಗುತ್ತದೆ.

ಅರ್ಜಿ

ನನ್ನ ಎರಡನೇ ಪತ್ರ ಇದು. ಒಂದೆರಡು ವಿವರ ಬದಲಿಸಿದ್ದೇನೆ, ಉಳಿದದ್ದು ಹಾಗೇ ಇದೆ.

ಮಾನ್ಯರೇ,

ವಿಷಯ: ಜೂನ್ 10ರಿಂದ ಆಗಸ್ಟ್ 26ರವರೆಗೆ ಬುಧವಾರಗಳಂದು ಅರ್ಧ ದಿನದ ರಜೆ.

ಆರೋಗ್ಯದ ಕಾರಣಕ್ಕೆ ತಜ್ಞರ ಸಲಹೆಯಂತೆ ವಾರಕ್ಕೊಮ್ಮೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಇದು ಅಂಟುವ ಕಾಯಿಲೆಯಲ್ಲ, ಆಸ್ಪತ್ರೆಯಲ್ಲಿ ಉಳಿಯುವ ಅಗತ್ಯವಿಲ್ಲ, ಉಳಿದ ದಿನಗಳಲ್ಲಿ ಎಂದಿನಂತೆ ಕೆಲಸ ಮಾಡುತ್ತೇನೆ.

ಇದಕ್ಕಾಗಿ ಹನ್ನೆರಡು ಬುಧವಾರ ಮಧ್ಯಾಹ್ನ 12.30ರ ನಂತರ ರಜೆ ಕೊಡಬೇಕೆಂದು ಕೋರುತ್ತೇನೆ. ಒಟ್ಟು ಆರು ದಿನವಾಗುತ್ತದೆ. ಇದನ್ನು ನನ್ನ ಸಿಕ್ ಲೀವ್‌ನಲ್ಲಿ ಕಳೆಯಬಹುದು. ಬೆಳಗಿನ ಮಸ್ಟರ್ ಮತ್ತು ತೋಟದ ಸುತ್ತು ಮುಗಿಸಿಯೇ ಹೊರಡುತ್ತೇನೆ. ಮಳೆಯಿಂದ ರಸ್ತೆ ಕೆಟ್ಟು ಒಂದು ವಾರ ತಪ್ಪಿದರೆ ಅದರ ಬದಲು ಆಗಸ್ಟ್ ನಂತರದ ಬುಧವಾರ ಬೇಕಾಗಬಹುದು. ಆಗ ಮೊದಲೇ ತಿಳಿಸುತ್ತೇನೆ.

ನಾನಿಲ್ಲದ ಹೊತ್ತಿನಲ್ಲಿ ರೈಟರ್ ತೋಟದ ಕೆಲಸ ನೋಡಿಕೊಳ್ಳುತ್ತಾರೆ. ಅವರೊಂದಿಗೆ ಮಾತಾಡಿದ್ದೇನೆ. ಗೋಡೌನ್ ಕೀ ಅವರ ಬಳಿ ಇರುತ್ತದೆ. ಆ ದಿನ ಮಧ್ಯಾಹ್ನ ಔಷಧಿ ಸಿಂಪಡಣೆ ಮತ್ತು ಮರಗಸಿ ಇರುವುದಿಲ್ಲ. ಜೀಪ್ ಮತ್ತು ಡ್ರೈವರ್ ತೋಟದಲ್ಲೇ ಇರುತ್ತಾರೆ, ನಾನು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆನೆಯ ಸುದ್ದಿ ರೈಟರ್ ಮತ್ತು ಮೇಸ್ತ್ರಿ ಇಬ್ಬರಿಗೂ ಬರುವಂತೆ ಮಾಡಲಾಗಿದೆ. ಮಧ್ಯಾಹ್ನ 3ರಿಂದ 4ರವರೆಗೆ ನನ್ನ ಫೋನ್ ಆಫ್ ಇರುತ್ತದೆ, 4ರ ನಂತರ ತುರ್ತು ಕರೆ ತೆಗೆದುಕೊಳ್ಳುತ್ತೇನೆ.

ಚಿಕಿತ್ಸೆಯ ಬಗ್ಗೆ ಪತ್ರ ಬೇಕಿದ್ದರೆ ತಮಗೆ ಖುದ್ದಾಗಿ ತೋರಿಸುತ್ತೇನೆ. ಆರೋಗ್ಯದ ವಿಷಯ ನಮ್ಮಿಬ್ಬರಲ್ಲೇ ಉಳಿಯಲಿ ಎಂದು ವಿನಂತಿ. ಆಫೀಸಿನ ರಜೆ ಪುಸ್ತಕದಲ್ಲಿ "ಅರ್ಧ ದಿನ ರಜೆ" ಎಂದಷ್ಟೇ ಬರೆದರೆ ಸಾಕು.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ

ವಿಷಯದ ಸಾಲಿನಲ್ಲಿ ದಿನಾಂಕ ಮಾತ್ರ ಇದೆ, ಕಾರಣ ಇಲ್ಲ. ಇಮೇಲ್‌ನಲ್ಲಿ ಪಕ್ಕದಲ್ಲಿ ಕೂತವರಿಗೂ ಕಾಣುವುದು ಆ ಸಾಲೇ. ಕ್ಷಮೆ ಎಲ್ಲೂ ಕೇಳಿಲ್ಲ. "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ" ಎಂದು ನಮ್ಮ ಕೈ ತಾನಾಗಿ ಬರೆಯುತ್ತದೆ, ಅದನ್ನು ಹೊಡೆದು ಹಾಕಿ. ಕ್ಷಮೆ ಕೇಳಿದರೆ ತಪ್ಪು ಮಾಡಿದ ಹಾಗೆ ಓದಿಸಿಕೊಳ್ಳುತ್ತದೆ. "ನಮ್ಮಿಬ್ಬರಲ್ಲೇ ಉಳಿಯಲಿ" ಎಂಬ ಸಾಲನ್ನು ಬಿಡಬೇಡಿ. ನನ್ನ ಮೊದಲ ಪತ್ರದಲ್ಲಿ ಅದಿದ್ದಿದ್ದರೆ ಮಾಲೀಕರು ಅದನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲ. ಅವರಿಗೆ ಅದು ಹೊಳೆದೇ ಇರಲಿಲ್ಲ, ಅಷ್ಟೇ.

ಕೊಡುವ ರೀತಿ

ಮೊದಲು ಫೋನ್, ಆಮೇಲೆ ಪತ್ರ. ಸುಮ್ನೆ ಪತ್ರ ಹೋದರೆ "ಇವರು ಕೆಲಸ ಬಿಡುತ್ತಾರೇನೋ" ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಮಳೆಯ ಅಳತೆ ಹೇಳಲು ಹೇಗೂ ಫೋನ್ ಮಾಡುತ್ತೀರಲ್ಲ, ಅದೇ ಹೊತ್ತಿಗೆ ಹೇಳಿ. "ಸರ್, ಒಂದು ಆರೋಗ್ಯದ ವಿಷಯ ಇದೆ, ಗಾಬರಿ ಪಡುವಂಥದ್ದಲ್ಲ. ವಾರಕ್ಕೆ ಅರ್ಧ ದಿನ ಬೇಕಾಗುತ್ತದೆ. ವಿವರವಾಗಿ ಬರೆದು ಇಮೇಲ್ ಮಾಡುತ್ತೇನೆ."

"ಏನಾಯ್ತು? ಹಾರ್ಟಾ?" ಎಂದು ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದ ಕೇಳುವುದು, ಬೇಸರ ಬೇಡ. "ಇಲ್ಲ ಸರ್, ಹಾರ್ಟ್ ಅಲ್ಲ. ಚಿಕಿತ್ಸೆ ನಡೀತಿದೆ, ಮುಗಿದ ಮೇಲೆ ನಾನೇ ಹೇಳ್ತೀನಿ." ಇನ್ನೊಮ್ಮೆ ಕೇಳಿದರೆ ಇದೇ ಮಾತನ್ನು ಇನ್ನೊಮ್ಮೆ ಹೇಳಿ. ಎರಡನೇ ಸಲ ಹೊಸ ವಿವರ ಸೇರಿಸಿದರೆ ಮೂರನೇ ಸಲವೂ ಕೇಳುತ್ತಾರೆ.

"ಆಯ್ತು, ನೋಡೋಣ" ಎಂಬ ಉತ್ತರ ಒಪ್ಪಿಗೆ ಅಲ್ಲ. ಮೂರು ದಿನ ಕಾದು ಒಂದು ಸಾಲು ಕಳಿಸಿ: "ಸರ್, ಜೂನ್ 10ರ ಬುಧವಾರದಿಂದ ಶುರು ಮಾಡಬಹುದೇ?" ಹೌದು ಎಂದು ಅಕ್ಷರದಲ್ಲಿ ಬಂದ ಮೇಲೆ ಅದನ್ನು ತೆಗೆದಿಟ್ಟುಕೊಳ್ಳಿ. ವರ್ಷದ ಕೊನೆಗೆ ರಜೆ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ಆಗುವುದಿಲ್ಲ ಎಂದರೆ ಕಾರಣ ಇನ್ನಷ್ಟು ಬಿಚ್ಚಿಡಲು ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಅದು, ಕಾಯಿಲೆ ದೊಡ್ಡದು ಎಂದು ತೋರಿಸಿದರೆ ರಜೆ ಸಿಗುತ್ತದೆ ಎಂದುಕೊಳ್ಳುವುದು. ತಿರುಗಿ ಕೇಳಬೇಕಾದದ್ದು "ಯಾವ ದಿನವಾದರೆ ಆಗುತ್ತದೆ ಸರ್?" ಎಂದು. ಹೆಚ್ಚಿನ ಸಲ ಅಡ್ಡಿ ಇರುವುದು ದಿನಕ್ಕೆ, ರಜೆಗೆ ಅಲ್ಲ.

ಅರ್ಜಿ ಸಾಲದ ಹೊತ್ತು

ವಾರಕ್ಕೆ ಅರ್ಧ ದಿನ ಸಾಕು ಎನ್ನುವುದು ಉಳಿದ ದಿನ ಕೆಲಸ ಮಾಡಲು ಆಗುವವರಿಗೆ ಮಾತ್ರ. ರಾತ್ರಿಗಳು ನಿದ್ದೆಯಿಲ್ಲದೆ ಹೋಗುತ್ತಿದ್ದರೆ, ಊಟ ಸೇರದಿದ್ದರೆ, ಲೆಕ್ಕದಲ್ಲಿ ಮೇಲಿಂದ ಮೇಲೆ ತಪ್ಪಾಗುತ್ತಿದ್ದರೆ ಮನೋವೈದ್ಯರಿಂದ ಸರ್ಟಿಫಿಕೇಟ್ ತೆಗೆದುಕೊಂಡು ಪೂರ್ತಿ ರಜೆ ಹಾಕಿ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಪತ್ರ ಬರೆಯುತ್ತಾ ಕೂರಬೇಡಿ. ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆಗೆಯುತ್ತಾರೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹತ್ತಿರದ ಆಸ್ಪತ್ರೆಗೆ ಆ ಹೊತ್ತೇ ಹೋಗಿ. ಮಾಲೀಕರಿಗೆ ನಿಮ್ಮ ಹೆಂಡತಿಯೋ ಅಣ್ಣನೋ ಫೋನ್ ಮಾಡಿ "ಹುಷಾರಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ" ಎಂದರೆ ಸಾಕು. ಅರ್ಜಿ ಆಮೇಲೆ ಬರೆದರಾಯಿತು.

ಹನ್ನೊಂದನೇ ವಾರ

ಹನ್ನೆರಡು ಭೇಟಿಗೇ ಮುಗಿಯುತ್ತದೆ ಎಂದು ಖಂಡಿತ ಹೇಳಲಾಗದು. ಹನ್ನೊಂದನೇ ಭೇಟಿಯಲ್ಲಿ "ಇನ್ನೂ ಬೇಕಾ?" ಎಂದು ಥೆರಪಿಸ್ಟ್ ಅವರನ್ನು ಕೇಳಿ. ಬೇಕಾದರೆ ಅದೇ ವಾರ ಎರಡು ಸಾಲು ಬರೆಯಿರಿ, ರಜೆ ಮುಗಿದ ಮೇಲೆ ಅಲ್ಲ.

ನನಗೆ ಇನ್ನೂ ಆರು ಬೇಕಿತ್ತು, ಹದಿನೈದು ದಿನಕ್ಕೊಂದರಂತೆ. ಬರೆದದ್ದು ಇಷ್ಟು: "ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆ. ಸೆಪ್ಟೆಂಬರ್‌ನಿಂದ ಹದಿನೈದು ದಿನಕ್ಕೊಮ್ಮೆ, ಒಟ್ಟು ಆರು ಭೇಟಿ ಇವೆ. ಅಕ್ಟೋಬರ್‌ವರೆಗಿನ ಭೇಟಿಗಳಿಗೆ ಬುಧವಾರ ಮಧ್ಯಾಹ್ನ ರಜೆ ಬೇಕು. ವ್ಯವಸ್ಥೆ ಈಗಿನಂತೆಯೇ ಇರುತ್ತದೆ. ನವೆಂಬರ್‌ನಲ್ಲಿ ಹಣ್ಣು ಕೊಯ್ಲು ಶುರುವಾದ ಮೇಲೆ ಬರುವ ಭೇಟಿಗಳನ್ನು ಭಾನುವಾರಕ್ಕೆ ಹಾಕಿಸಿಕೊಂಡಿದ್ದೇನೆ." ಮಾಲೀಕರಿಂದ ಹತ್ತು ನಿಮಿಷದಲ್ಲಿ "ಸರಿ" ಎಂದು ಬಂತು. ಅದರ ಕೆಳಗೆ, ಸೀಸನ್ನಿಗೆ ಮೊದಲು ಪಲ್ಪರ್ ರಿಪೇರಿಗೆ ಯಾರನ್ನು ಕರೆಸೋಣ ಎಂದು ಕೇಳಿದ್ದರು.